ಲಾಭ ಕಂಪನಿಯದು, ಘೋಷಿಸಿದ ಡಿವಿಡೆಂಡ್ ನಿಮ್ಮದು

(ದಾವಣಗೆರೆಯಲ್ಲಿ ವರ್ತಕರು, ನಿವೃತ್ತ ನೌಕರರು ಮತ್ತು ಕಾಲೇಜು ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ. ಸಭೆಯಲ್ಲಿ ಬಂದ ಪ್ರಶ್ನೆಗಳನ್ನು ಬಂದ ಜಾಗದಲ್ಲೇ ಇಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತಿರುವವರಲ್ಲಿ ಬಹಳ ಜನರ ಹತ್ತಿರ ಈಗಾಗಲೇ ಷೇರು ಇದೆ. ಕಂಪನಿಯದ್ದಲ್ಲ, ಸಹಕಾರಿ ಬ್ಯಾಂಕಿನದು ಅಥವಾ ಪತ್ತಿನ ಸಹಕಾರ ಸಂಘದ್ದು. ಸಾಲ ಕೊಡುವಾಗಲೇ ಷೇರು ಹಣ ಕಟ್ಟಿಸಿಕೊಂಡಿರುತ್ತಾರೆ. ವರ್ಷಕ್ಕೊಮ್ಮೆ ಸರ್ವ ಸದಸ್ಯರ ಸಭೆ ನಡೆಯುತ್ತದೆ. ವರದಿ ಪುಸ್ತಕ ಕೊಡುತ್ತಾರೆ, ಊಟ ಇರುತ್ತದೆ, ಈ ಸಲ ಲಾಭದಲ್ಲಿ ಸದಸ್ಯರಿಗೆ ಹಂಚುವ ಪಾಲು, ಅಂದರೆ ಡಿವಿಡೆಂಡ್, ಶೇಕಡಾ ಇಷ್ಟು ಅಂತ ಅಧ್ಯಕ್ಷರು ಹೇಳುತ್ತಾರೆ. ಷೇರು ಅಂದರೆ ಏನು ಅನ್ನುವ ನಮ್ಮ ಮೊದಲ ಕಲ್ಪನೆ ಬರುವುದೇ ಅಲ್ಲಿಂದ. ಆ ಕಲ್ಪನೆಯನ್ನೇ ಹೊತ್ತುಕೊಂಡು ಕಂಪನಿ ಷೇರಿಗೆ ಹೋದಾಗ ಲೆಕ್ಕ ತಪ್ಪುತ್ತದೆ. ಅದಕ್ಕೇ ಮಾತನ್ನು ಅಲ್ಲಿಂದಲೇ ಶುರು ಮಾಡುತ್ತೇನೆ.

ಸಹಕಾರ ಸಂಘದಲ್ಲಿ ನೀವು ಸಾವಿರ ರೂಪಾಯಿ ಕಟ್ಟಿ ಸಾವಿರ ರೂಪಾಯಿ ಮುಖಬೆಲೆಯ ಷೇರು ಪಡೆಯುತ್ತೀರಿ. ಶೇಕಡಾ 10 ಡಿವಿಡೆಂಡ್ ಅಂದರೆ ನೂರು ರೂಪಾಯಿ ಬರುತ್ತದೆ. ಕಟ್ಟಿದ್ದು ಸಾವಿರ, ಬಂದದ್ದು ನೂರು. ಶೇಕಡಾ 10 ಅಂದರೆ ನಿಜವಾಗಿಯೂ ಶೇಕಡಾ 10. ಸದಸ್ಯತ್ವ ಬಿಟ್ಟರೆ ನಿಯಮದ ಪ್ರಕಾರ ಸಂಘವೇ ನಿಮ್ಮ ಷೇರು ಹಣ ವಾಪಸ್ ಕೊಡುತ್ತದೆ. ಮತದ ವಿಚಾರಕ್ಕೆ ಬಂದರೆ ಒಬ್ಬರಿಗೆ ಒಂದೇ ಮತ. ಹತ್ತು ಸಾವಿರ ಹಾಕಿದವರಿಗೂ ಒಂದು, ಸಾವಿರ ಹಾಕಿದವರಿಗೂ ಒಂದು.

ಷೇರುಪೇಟೆಯಲ್ಲಿರುವ ಕಂಪನಿಯಲ್ಲಿ ಇದು ಯಾವುದೂ ಹೀಗಿಲ್ಲ. ಷೇರಿನ ಬೆಲೆಯನ್ನು ಕೊಳ್ಳುವವರು, ಮಾರುವವರು ಸೇರಿ ದಿನಾ ನಿಗದಿ ಮಾಡುತ್ತಾರೆ. ಅದಕ್ಕೂ ಮುಖಬೆಲೆಗೂ ಸಂಬಂಧವೇ ಇರುವುದಿಲ್ಲ. ಹಣ ಬೇಕಾದರೆ ಕಂಪನಿ ಷೇರು ವಾಪಸ್ ತೆಗೆದುಕೊಳ್ಳುವುದಿಲ್ಲ, ನೀವು ಇನ್ನೊಬ್ಬರಿಗೆ ಮಾರಬೇಕು. ಮತ ಇರುವುದು ಷೇರಿಗೆ, ಮನುಷ್ಯರಿಗಲ್ಲ. ನೂರು ಷೇರು ಇದ್ದರೆ ನೂರು ಮತ.

ಸರಿ, ಹಾಗಾದರೆ ಷೇರು ಕೊಂಡಾಗ ನಮ್ಮ ಕೈಗೆ ಬರುವುದಾದರೂ ಏನು?

ನಮ್ಮ ಹರಿಹರ ದಾಟಿ ತುಂಗಭದ್ರೆಯ ಆಚೆ ದಡಕ್ಕೆ ಹೋದರೆ ಕುಮಾರಪಟ್ಟಣಂನಲ್ಲಿ ಗ್ರಾಸಿಮ್ ಕಂಪನಿಯ ಕಾರ್ಖಾನೆ ಇದೆ. ನಿಮಗೆಲ್ಲ ಗೊತ್ತಿರುವ ಜಾಗ. ಆ ಕಂಪನಿಯ ಷೇರುಗಳು ಒಟ್ಟು ಸುಮಾರು 68 ಕೋಟಿ ಇವೆ. ನಿಮ್ಮ ಹತ್ತಿರ ಅದರ ಹತ್ತು ಷೇರು ಇವೆ ಅಂದುಕೊಳ್ಳಿ. ನೀವು ಆ ಕಂಪನಿಯ ಒಡೆಯರಲ್ಲಿ ಒಬ್ಬರು ಅಂತ ಪೇಪರಿನವರು, ಟಿವಿಯವರು ಹೇಳುತ್ತಾರೆ. ಆದರೆ ಗೇಟಿನ ಹತ್ತಿರ ಹೋಗಿ "ನಾನು ಷೇರುದಾರ, ಒಳಗೆ ಬಿಡಿ" ಅಂದರೆ ಸೆಕ್ಯುರಿಟಿಯವರು ಬಿಡುವುದಿಲ್ಲ. ಬಿಡಬೇಕಾಗಿಯೂ ಇಲ್ಲ. ಒಳಗಿನ ಯಂತ್ರ, ಜಾಗ, ಗೋದಾಮಿನಲ್ಲಿರುವ ಸರಕು, ಇದರಲ್ಲಿ ಒಂದು ಹಿಡಿಯಷ್ಟೂ ನಿಮ್ಮದಲ್ಲ. ಅದೆಲ್ಲ ಕಂಪನಿಯದು. ಕಾನೂನಿನ ಕಣ್ಣಲ್ಲಿ ಕಂಪನಿ ಅಂದರೆ ಬೇರೆಯೇ ಒಬ್ಬ ವ್ಯಕ್ತಿ. ಅದು ತನ್ನ ಹೆಸರಲ್ಲಿ ಆಸ್ತಿ ಮಾಡುತ್ತದೆ, ಸಾಲ ಮಾಡುತ್ತದೆ, ತೆರಿಗೆ ಕಟ್ಟುತ್ತದೆ.

ಇಷ್ಟು ಹೇಳುವಾಗಲೇ ಹಿಂದಿನ ಸಾಲಿನಿಂದ ಒಬ್ಬ ಹಿರಿಯರು ಎದ್ದು ಕೇಳಿದರು: "ಹಂಗಾದ್ರ ಕಂಪನಿ ನಮ್ದಲ್ಲ ಅಂದಂಗಾತಲ್ರೀ? ಮತ್ಯಾಕ ಮಾಲೀಕ್ರು ಅಂತಾರ?"

ಯಜಮಾನರೇ, ನೀವು ಕೇಳಿದ ಪ್ರಶ್ನೆಯೇ 1954ರಲ್ಲಿ ನಮ್ಮ ಸುಪ್ರೀಂ ಕೋರ್ಟಿನ ಮುಂದೆ ಬಂದಿತ್ತು. ಅದೂ ಬೆಳೆಯ ಆದಾಯದ ವಿಚಾರವಾಗಿಯೇ. ಅಡಿಕೆ, ಭತ್ತ, ಮೆಕ್ಕೆಜೋಳ ಬೆಳೆಯುವ ನಮ್ಮ ಜಿಲ್ಲೆಯವರಿಗೆ ಇದು ಬೇಗ ಅರ್ಥವಾಗುತ್ತದೆ.

ಬಾಚಾ ಗುಜ್ದಾರ್ ಅನ್ನುವ ಮುಂಬಯಿಯ ಮಹಿಳೆ ಎರಡು ಚಹಾ ಕಂಪನಿಗಳ ಷೇರು ಇಟ್ಟುಕೊಂಡಿದ್ದರು. ಆ ಕಂಪನಿಗಳಿಂದ ಅವರಿಗೆ 2,750 ರೂಪಾಯಿ ಡಿವಿಡೆಂಡ್ ಬಂತು. ಚಹಾ ಕಂಪನಿಯ ಆದಾಯಕ್ಕೆ ತೆರಿಗೆ ಹಾಕುವಾಗ ಒಂದು ನಿಯಮ ಇದೆ. ತೋಟದಲ್ಲಿ ಎಲೆ ಬೆಳೆಯುವುದು ಕೃಷಿ, ಕಾರ್ಖಾನೆಯಲ್ಲಿ ಅದನ್ನು ಪುಡಿ ಮಾಡುವುದು ಉದ್ಯಮ. ಹಾಗಾಗಿ ಆದಾಯದ ಶೇಕಡಾ 60 ಭಾಗವನ್ನು ಕೃಷಿ ಆದಾಯ ಅಂತಲೂ, ಶೇಕಡಾ 40 ಭಾಗವನ್ನು ಉದ್ಯಮದ ಆದಾಯ ಅಂತಲೂ ಲೆಕ್ಕ ಹಿಡಿಯುತ್ತಾರೆ. ಕೇಂದ್ರದ ಆದಾಯ ತೆರಿಗೆ ಬೀಳುವುದು ಆ 40ಕ್ಕೆ ಮಾತ್ರ. ಆ ಮಹಿಳೆಯ ವಾದ ಸರಳವಾಗಿತ್ತು. ನನಗೆ ಬಂದ ಡಿವಿಡೆಂಡ್ ಆ ಆದಾಯದಿಂದಲೇ ಬಂದದ್ದು. ಕಂಪನಿಗೆ 60 ಭಾಗ ಕೃಷಿ ಆದಾಯವಾದರೆ ನನಗೂ ಡಿವಿಡೆಂಡಿನ 60 ಭಾಗ ಕೃಷಿ ಆದಾಯ. ಅದಕ್ಕೆ ತೆರಿಗೆ ಬೇಡ.

ಕೇಳಿದರೆ ನ್ಯಾಯ ಅನ್ನಿಸುತ್ತದೆ, ಅಲ್ವಾ? ಕೋರ್ಟು ಒಪ್ಪಲಿಲ್ಲ. ಭೂಮಿಯ ಜೊತೆ ಸಂಬಂಧ ಇರುವುದು ಕಂಪನಿಗೆ, ಷೇರುದಾರರಿಗಲ್ಲ ಅಂತ ಹೇಳಿತು. ಷೇರು ಕೊಂಡವರು ಕಂಪನಿಯ ಆಸ್ತಿಯಲ್ಲಿ ಪಾಲು ಕೊಂಡಿರುವುದಿಲ್ಲ. ಕಂಪನಿ ಲಾಭ ಹಂಚಲು ತೀರ್ಮಾನಿಸಿದಾಗ ಅದರಲ್ಲಿ ಪಾಲು ಪಡೆಯುವ ಹಕ್ಕನ್ನು ಕೊಂಡಿರುತ್ತಾರೆ. ಡಿವಿಡೆಂಡ್ ಬರುವುದು ತೋಟದಿಂದಲ್ಲ, ಷೇರುದಾರರಿಗೂ ಕಂಪನಿಗೂ ಇರುವ ಒಪ್ಪಂದದಿಂದ. ಹಾಗಾಗಿ 2,750 ರೂಪಾಯಿ ಪೂರ್ತಿ ತೆರಿಗೆ ಲೆಕ್ಕಕ್ಕೆ ಬಂತು. ಈ ತೀರ್ಪು ಇವತ್ತಿಗೂ ನಿಂತಿದೆ. ಚನ್ನಗಿರಿಯಲ್ಲಿ ನಿಮ್ಮದೇ ಅಡಿಕೆ ತೋಟ ಇದ್ದರೆ ಆ ಫಸಲಿನ ಆದಾಯ ಕೃಷಿ ಆದಾಯ. ತೋಟ ಇರುವ ಕಂಪನಿಯ ಷೇರಿನಿಂದ ಬಂದ ಡಿವಿಡೆಂಡ್ ಮಾತ್ರ ಕೃಷಿ ಆದಾಯ ಅಲ್ಲ.

ಪಾಲುದಾರಿಕೆಯ ವ್ಯಾಪಾರದ ಜೊತೆ ಇಟ್ಟು ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಎಪಿಎಂಸಿ ಯಾರ್ಡಿನಲ್ಲಿ ಇಬ್ಬರು ಸೇರಿ ದಲಾಲಿ ಅಂಗಡಿ ನಡೆಸುತ್ತಾರೆ. ಅಂಗಡಿಯ ಆಸ್ತಿ ಇಬ್ಬರದೂ ಹೌದು. ಲಾಭ ಆದ ಕ್ಷಣವೇ ಇಬ್ಬರದು. ಹಾಗೆಯೇ ಸಾಲವೂ ಇಬ್ಬರದು. ಅಂಗಡಿ ಮುಳುಗಿದರೆ ಸಾಲ ಕೊಟ್ಟವರು ಪಾಲುದಾರರ ಮನೆ ಬಾಗಿಲಿಗೆ ಬರಬಹುದು. ಕಂಪನಿಯಲ್ಲಿ ಲಾಭವೂ ನೇರ ನಿಮ್ಮದಲ್ಲ, ಸಾಲವೂ ನಿಮ್ಮದಲ್ಲ. ಈ ಎರಡೂ ಒಂದೇ ನಿಯಮದಿಂದ ಹುಟ್ಟಿದ್ದು. ಒಂದನ್ನು ಒಪ್ಪಿಕೊಂಡು ಇನ್ನೊಂದನ್ನು ಬಿಡಲು ಬರುವುದಿಲ್ಲ.

ಹರಿಹರದ ಮೈಸೂರು ಕಿರ್ಲೋಸ್ಕರ್ ಹೆಸರು ಇಲ್ಲಿರುವ ಹಿರಿಯರಿಗೆಲ್ಲ ಗೊತ್ತು. 1941ರಲ್ಲಿ ಶುರುವಾದ ಕಾರ್ಖಾನೆ. ಅಲ್ಲಿನ ಲೇತ್ ಯಂತ್ರಗಳಿಗೆ ದೇಶದಲ್ಲೆಲ್ಲ ಹೆಸರಿತ್ತು. ಆಮೇಲೆ ಅದು ಮುಚ್ಚಿತು, ಕಂಪನಿ ಸಮಾಪನೆಗೆ ಹೋಯಿತು. ಒಂದು ಕಂಪನಿ ಹೀಗೆ ಮುಚ್ಚಿದಾಗ ಆಸ್ತಿ ಮಾರಿ ಬಂದ ಹಣಕ್ಕೆ ಒಂದು ಸರದಿ ಇರುತ್ತದೆ. ಈಗಿನ 2016ರ ದಿವಾಳಿ ಕಾನೂನಿನ ಪ್ರಕಾರ ಮೊದಲು ಆ ಪ್ರಕ್ರಿಯೆಯ ಖರ್ಚು. ಆಮೇಲೆ ಕಾರ್ಮಿಕರ 24 ತಿಂಗಳ ಬಾಕಿ, ಅದರ ಸರಿಸಮನಾಗಿ ಆಸ್ತಿ ಅಡವಿಟ್ಟುಕೊಂಡು ಸಾಲ ಕೊಟ್ಟವರು. ಹಾಗೇ ಇಳಿಯುತ್ತಾ ಬೇರೆ ನೌಕರರು, ಅಡವಿಲ್ಲದೆ ಸಾಲ ಕೊಟ್ಟವರು, ಸರ್ಕಾರದ ಬಾಕಿ, ಕಂಪನಿಯಿಂದ ಹಣ ಬರಬೇಕಾದ ಉಳಿದವರು, ಸಾಮಾನ್ಯ ಷೇರಿಗಿಂತ ಮೊದಲ ಸರದಿ ಇರುವ ಪ್ರಿಫರೆನ್ಸ್ ಷೇರುದಾರರು. ಕಟ್ಟಕಡೆಗೆ ನಿಮ್ಮಂಥ, ನನ್ನಂಥ ಸಾಮಾನ್ಯ ಷೇರುದಾರರು. ಅಷ್ಟು ಹೊತ್ತಿಗೆ ಸಾಮಾನ್ಯವಾಗಿ ಏನೂ ಉಳಿದಿರುವುದಿಲ್ಲ. ಆದರೆ ಕಂಪನಿ ಸಾಲಕ್ಕೆ ನಿಮ್ಮ ಮನೆ, ಹೊಲ ಜಪ್ತಿ ಮಾಡಲು ಯಾರೂ ಬರುವುದಿಲ್ಲ. ಹೋಗುವುದು ಷೇರಿಗೆ ಹಾಕಿದ ಹಣ ಮಾತ್ರ.

ಮಾಲೀಕರು ಅಂತ ಯಾಕೆ ಕರೆಯುತ್ತಾರೆ ಅಂದಿರಲ್ಲ, ಉತ್ತರ ಇದರಲ್ಲೇ ಇದೆ. ಎಲ್ಲರಿಗೂ ಕೊಟ್ಟು ಉಳಿದದ್ದು ನಿಮ್ಮದು. ಕಷ್ಟದ ದಿನ ಅದು ಸೊನ್ನೆ. ಒಳ್ಳೆಯ ದಿನ ಅದಕ್ಕೆ ಮೇಲ್ಮಿತಿಯೇ ಇಲ್ಲ. ಬ್ಯಾಂಕು ಕೊಟ್ಟ ಸಾಲಕ್ಕೆ ಬಡ್ಡಿ ಮಾತ್ರ ಪಡೆಯುತ್ತದೆ, ಕಂಪನಿ ಎಷ್ಟೇ ಬೆಳೆದರೂ ಜಾಸ್ತಿ ಕೇಳಲು ಆಗುವುದಿಲ್ಲ. ಬೆಳೆದದ್ದರ ಫಲ ಷೇರಿಗೆ ಸೇರುತ್ತದೆ. ಅದರ ಜೊತೆಗೆ ನಿರ್ದೇಶಕರನ್ನು ಆರಿಸುವ ಮತ, ವಾರ್ಷಿಕ ವರದಿ ಪಡೆಯುವ ಹಕ್ಕು, ಬೇಕಾದಾಗ ಷೇರು ಮಾರುವ ಹಕ್ಕು. ಇದಿಷ್ಟೇ ನಿಮ್ಮ ಒಡೆತನ. ಕಡಿಮೆ ಏನಲ್ಲ. ಆದರೆ ನಾವು ಅಂದುಕೊಂಡ ಥರದ್ದಲ್ಲ.

ಈಗ ಡಿವಿಡೆಂಡಿಗೆ ಬರೋಣ. ಒಂದು ಲೆಕ್ಕ ಹಿಡಿಯೋಣ. ಇದು ಕಾಲ್ಪನಿಕ ಕಂಪನಿ, ಯಾವುದೋ ಷೇರಿನ ಸಲಹೆ ಕೊಡುತ್ತಿದ್ದೇನೆ ಅಂದುಕೊಳ್ಳಬೇಡಿ. ಕಂಪನಿಯಲ್ಲಿ ಒಂದು ಕೋಟಿ ಷೇರುಗಳಿವೆ. ಒಂದೊಂದರ ಮುಖಬೆಲೆ 10 ರೂಪಾಯಿ. ಪೇಟೆಯಲ್ಲಿ ಬೆಲೆ 400 ರೂಪಾಯಿ. ಆ ವರ್ಷ ತೆರಿಗೆ ಎಲ್ಲ ಕಟ್ಟಿ, ಯಂತ್ರಗಳ ಸವಕಳಿ ಕಳೆದು 20 ಕೋಟಿ ಲಾಭ ಉಳಿದಿದೆ. ಷೇರಿಗೆ 20 ರೂಪಾಯಿ ಆಯಿತು. ನಿಮ್ಮ ಹತ್ತಿರ 200 ಷೇರು ಇವೆ. ನೀವು ಅವುಗಳಿಗೆ ಹಾಕಿದ್ದು 80 ಸಾವಿರ.

ನಿಮ್ಮ ಪಾಲಿನ ಲಾಭ 4,000 ರೂಪಾಯಿ ಆಯಿತು, ಅದು ನಿಮ್ಮದಾಯಿತೇ? ಇಲ್ಲ. ಮಾರ್ಚ್ 31ಕ್ಕೆ ವರ್ಷ ಮುಗಿಯುತ್ತದೆ. ಮೇ ತಿಂಗಳಲ್ಲಿ ನಿರ್ದೇಶಕ ಮಂಡಳಿ ಸೇರಿ ಲೆಕ್ಕ ಒಪ್ಪುತ್ತದೆ. ಷೇರಿಗೆ 8 ರೂಪಾಯಿ ಕೊಡಬಹುದು ಅಂತ ಶಿಫಾರಸು ಮಾಡುತ್ತದೆ. ಉಳಿದ 12 ರೂಪಾಯಿ ಕಂಪನಿಯಲ್ಲೇ ಇಟ್ಟುಕೊಳ್ಳುತ್ತದೆ. ಈ ಹಂತದಲ್ಲಿ 8 ರೂಪಾಯಿ ಕೂಡ ನಿಮ್ಮದಲ್ಲ. ಅದು ಬರೀ ಶಿಫಾರಸು. ಸೆಪ್ಟೆಂಬರ್ 30ರ ಒಳಗೆ ಷೇರುದಾರರ ವಾರ್ಷಿಕ ಸಭೆ ನಡೆಯಬೇಕು. ಅಲ್ಲಿ ಮತ ಹಾಕಿ ಒಪ್ಪಿದ ಮೇಲೆ ಡಿವಿಡೆಂಡ್ ಘೋಷಣೆ ಆದಂತೆ.

ಆ ಸಭೆಯಲ್ಲಿ ಎದ್ದು ನಿಂತು "8 ಸಾಲದು, 15 ಕೊಡಿ" ಅಂದರೆ? ಕೇಳಬಹುದು, ಸಿಗುವುದಿಲ್ಲ. ಮಂಡಳಿ ಹೇಳಿದ್ದಕ್ಕಿಂತ ಜಾಸ್ತಿ ಘೋಷಿಸುವ ಅಧಿಕಾರ ಸಾಮಾನ್ಯವಾಗಿ ಸಭೆಗೆ ಇಲ್ಲ. ಕಡಿಮೆ ಮಾಡಬಹುದು ಅಷ್ಟೇ. ಲಾಭ ಬಂದರೂ ಡಿವಿಡೆಂಡ್ ಕೊಡಲೇಬೇಕು ಅಂತ ಕಾನೂನು ಎಲ್ಲೂ ಹೇಳುವುದಿಲ್ಲ. ವರ್ಷದ ನಡುವೆ ಮಂಡಳಿಯೇ ಕೊಡುವ ಮಧ್ಯಂತರ ಡಿವಿಡೆಂಡ್ ಅಂತ ಇನ್ನೊಂದಿದೆ. ಅದಕ್ಕೆ ಸಭೆ ಕಾಯಬೇಕಿಲ್ಲ.

ಸಭೆ ಘೋಷಿಸಿತು ಅಂದುಕೊಳ್ಳಿ. ಆ ಕ್ಷಣದಿಂದ ಚಿತ್ರವೇ ಬೇರೆ. ಈಗ ಆ 1,600 ರೂಪಾಯಿ ಕಂಪನಿ ನಿಮಗೆ ಕೊಡಬೇಕಾದ ಸಾಲ. 2013ರ ಕಂಪನಿ ಕಾಯ್ದೆ ಇಲ್ಲಿ ಬಿಗಿಯಾಗಿದೆ. ಘೋಷಿಸಿ 5 ದಿನದೊಳಗೆ ಆ ಹಣವನ್ನು ಪ್ರತ್ಯೇಕ ಬ್ಯಾಂಕ್ ಖಾತೆಗೆ ಹಾಕಬೇಕು. 30 ದಿನದೊಳಗೆ ನಿಮಗೆ ತಲುಪಿಸಬೇಕು. ಕಾರಣವಿಲ್ಲದೆ ತಡ ಮಾಡಿದರೆ ವರ್ಷಕ್ಕೆ ಶೇಕಡಾ 18ರಂತೆ ಬಡ್ಡಿ. ಗೊತ್ತಿದ್ದೂ ತಡೆದ ನಿರ್ದೇಶಕರಿಗೆ ಎರಡು ವರ್ಷದವರೆಗೆ ಜೈಲು ಶಿಕ್ಷೆಗೂ ಅವಕಾಶ ಇದೆ.

ಘೋಷಣೆಗೆ ಮೊದಲು ನಿಮಗೆ ಕೇಳುವ ಹಕ್ಕಿಲ್ಲ, ಘೋಷಣೆ ಆದ ಮೇಲೆ ಪೂರ್ತಿ ಹಕ್ಕಿದೆ. ನಾನು ನೋಡಿದಂತೆ ನಮ್ಮ ಜನ ಇದನ್ನು ಉಲ್ಟಾ ಮಾಡುತ್ತಾರೆ. ಕಂಪನಿ ಯಾಕೆ ಜಾಸ್ತಿ ಕೊಡಲಿಲ್ಲ ಅಂತ ಬೇಜಾರು ಮಾಡಿಕೊಳ್ಳುತ್ತಾರೆ. ಕೊಟ್ಟ ಡಿವಿಡೆಂಡ್ ಖಾತೆಗೆ ಬಂತೋ ಇಲ್ಲವೋ ಅಂತ ಮಾತ್ರ ವರ್ಷಗಟ್ಟಲೆ ನೋಡುವುದಿಲ್ಲ. ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ಮೊದಲು ಈ 8 ರೂಪಾಯಿಯ ಲೆಕ್ಕ ಮುಗಿಸೋಣ. ಮರುದಿನ ಪೇಪರಿನಲ್ಲಿ "ಶೇಕಡಾ 80 ಡಿವಿಡೆಂಡ್" ಅಂತ ಬರುತ್ತದೆ. 10 ರೂಪಾಯಿ ಮುಖಬೆಲೆಗೆ 8 ರೂಪಾಯಿ ಅಂದರೆ ಶೇಕಡಾ 80. ಸುಳ್ಳಲ್ಲ. ಆದರೆ ನೀವು ಷೇರಿಗೆ ಕೊಟ್ಟದ್ದು 400. ನಿಮ್ಮ 80 ಸಾವಿರಕ್ಕೆ 1,600 ಬಂತು, ಅಂದರೆ ಶೇಕಡಾ 2. ಸಹಕಾರ ಸಂಘದಲ್ಲಿ ಮುಖಬೆಲೆಯೂ ನೀವು ಕೊಟ್ಟ ಬೆಲೆಯೂ ಒಂದೇ ಆಗಿದ್ದರಿಂದ ಆ ಶೇಕಡಾ ಲೆಕ್ಕ ನಿಜವಾಗಿತ್ತು. ಇಲ್ಲಿ ಅದು ಏನನ್ನೂ ಹೇಳುವುದಿಲ್ಲ. ಯಾರಾದರೂ ಶೇಕಡಾ ಇಷ್ಟು ಡಿವಿಡೆಂಡ್ ಅಂದರೆ, ಷೇರಿಗೆ ಎಷ್ಟು ರೂಪಾಯಿ, ಇವತ್ತಿನ ಬೆಲೆ ಎಷ್ಟು ಅಂತ ಎರಡೇ ಪ್ರಶ್ನೆ ಕೇಳಿ.

ಒಬ್ಬ ವಿದ್ಯಾರ್ಥಿ ಕೇಳಿದ: "ಸರ್, ಡಿವಿಡೆಂಡಿನ ಹಿಂದಿನ ದಿನ ತಗೊಂಡು, ಬಂದ ಮೇಲೆ ಮಾರಿದರೆ ಆಗಲ್ವಾ?"

ಒಳ್ಳೆಯ ಪ್ರಶ್ನೆ ಕಣಪ್ಪಾ. ಡಿವಿಡೆಂಡ್ ಯಾರಿಗೆ ಅಂತ ತೀರ್ಮಾನಿಸಲು ಕಂಪನಿ ಒಂದು ದಿನ ಗೊತ್ತು ಮಾಡುತ್ತದೆ. ಅದು ರೆಕಾರ್ಡ್ ಡೇಟ್. ಅವತ್ತು ಸಂಜೆ ಪುಸ್ತಕದಲ್ಲಿ ಯಾರ ಹೆಸರಿದೆಯೋ ಅವರಿಗೆ ಡಿವಿಡೆಂಡ್. 2023ರ ಜನವರಿಯಿಂದ ನಮ್ಮ ಪೇಟೆಯಲ್ಲಿ ಕೊಂಡ ಷೇರು ಮರುದಿನವೇ ಖಾತೆಗೆ ಬರುತ್ತದೆ. ಹಾಗಾಗಿ ಶುಕ್ರವಾರ ರೆಕಾರ್ಡ್ ಡೇಟ್ ಇದ್ದರೆ ಗುರುವಾರ ಕೊಂಡಿರಬೇಕು. ಶುಕ್ರವಾರ ಕೊಂಡರೆ ಷೇರು ಬರುವುದು ಸೋಮವಾರ, ಡಿವಿಡೆಂಡ್ ಮಾರಿದವರಿಗೆ ಹೋಗುತ್ತದೆ. ಶುಕ್ರವಾರದಿಂದ ಷೇರು ಎಕ್ಸ್-ಡಿವಿಡೆಂಡ್ ಆಯಿತು ಅನ್ನುತ್ತಾರೆ.

ಈಗ ನೀನೇ ಯೋಚನೆ ಮಾಡು. ಗುರುವಾರ 400ಕ್ಕೆ ಕೊಂಡವರಿಗೆ ಷೇರಿನ ಜೊತೆ 8 ರೂಪಾಯಿಯೂ ಬರುತ್ತದೆ. ಶುಕ್ರವಾರ ಕೊಂಡವರಿಗೆ ಬರೀ ಷೇರು. ಅದಕ್ಕೆ ಯಾರಾದರೂ 400 ಕೊಡುತ್ತಾರಾ? ಬೇರೆ ಸುದ್ದಿ ಏನೂ ಇಲ್ಲದಿದ್ದರೆ ಬೆಲೆ 392ರ ಹತ್ತಿರ ಶುರುವಾಗುತ್ತದೆ. ಕಂಪನಿಯ ತಿಜೋರಿಯಿಂದ 8 ಕೋಟಿ ಹೊರಗೆ ಹೋಗುತ್ತಿದೆ, ಕಂಪನಿಯ ಬೆಲೆ ಅಷ್ಟು ಇಳಿಯಲೇಬೇಕಲ್ಲ. ಪೇಟೆಯಲ್ಲಿ ಆ ದಿನ ಬೇರೆ ಏರಿಳಿತವೂ ಇರುವುದರಿಂದ ಸಣ್ಣ ಡಿವಿಡೆಂಡಿನ ಇಳಿತ ಕಣ್ಣಿಗೆ ಕಾಣಿಸದೇ ಹೋಗಬಹುದು. ಆದರೆ ಇಳಿತ ಇದ್ದೇ ಇರುತ್ತದೆ. 8 ರೂಪಾಯಿ ಬಂತು, 8 ರೂಪಾಯಿ ಹೋಯಿತು. ಮೇಲೆ ಬ್ರೋಕರ್ ಖರ್ಚು, ಬಂದ ಡಿವಿಡೆಂಡಿಗೆ ತೆರಿಗೆ. ಡಿವಿಡೆಂಡ್ ಮೇಲಿನಿಂದ ಬಿದ್ದ ಹಣ ಅಲ್ಲ. ನಿಮ್ಮ ಷೇರಿನೊಳಗೆ ಇದ್ದದ್ದೇ ನಿಮ್ಮ ಬ್ಯಾಂಕ್ ಖಾತೆಗೆ ಬಂದಿದೆ.

ಹಾಗಾದರೆ ಡಿವಿಡೆಂಡ್ ಕೊಡದೆ ಇಟ್ಟುಕೊಂಡರೂ ಒಂದೇ, ಕೊಟ್ಟರೂ ಒಂದೇ ಆಯಿತಲ್ಲ ಅನ್ನಬಹುದು. ಒಂದೇ ಅಲ್ಲ. ನನಗೆ ಮುಖ್ಯ ಅನ್ನಿಸುವ ವಿಚಾರ ಇದೇ.

ಇಟ್ಟುಕೊಂಡ 12 ಕೋಟಿಯನ್ನು ಕಂಪನಿ ಏನು ಮಾಡುತ್ತದೆ? ಹೊಸ ಯಂತ್ರ ಹಾಕಿ ಅದರ ಮೇಲೆ ವರ್ಷಕ್ಕೆ ಶೇಕಡಾ 15 ದುಡಿದರೆ 1 ಕೋಟಿ 80 ಲಕ್ಷ ಹೆಚ್ಚು ಲಾಭ. ಮುಂದಿನ ವರ್ಷಗಳಲ್ಲಿ ಷೇರಿಗೆ ಒಂದು ರೂಪಾಯಿ 80 ಪೈಸೆ ಜಾಸ್ತಿ. ನೀವು ಆ 12 ರೂಪಾಯಿಯನ್ನು ಬ್ಯಾಂಕಿನಲ್ಲಿ ಇಟ್ಟಿದ್ದರೆ ಇಷ್ಟು ಬರುತ್ತಿರಲಿಲ್ಲ. ಅಂಥ ಕಂಪನಿ ಡಿವಿಡೆಂಡ್ ಕಡಿಮೆ ಕೊಟ್ಟರೆ ಬೇಜಾರು ಮಾಡಬೇಡಿ. ಆದರೆ ಅದೇ 12 ಕೋಟಿ, ಕಂಪನಿಯನ್ನು ಕಟ್ಟಿ ಹಿಡಿತದಲ್ಲಿಟ್ಟುಕೊಂಡಿರುವ ಪ್ರವರ್ತಕರ ಇನ್ನೊಂದು ಖಾಸಗಿ ಕಂಪನಿಗೆ ಕಡಿಮೆ ಬಡ್ಡಿಗೆ ಸಾಲವಾಗಿ ಹೋದರೆ?

ಇಲ್ಲಿ ಡಿವಿಡೆಂಡಿನ ಒಂದು ಗುಣವನ್ನು ಗಮನಿಸಿ. ನಮ್ಮ ಲೆಕ್ಕದ ಕಂಪನಿಯಲ್ಲಿ ಪ್ರವರ್ತಕರ ಕುಟುಂಬಕ್ಕೆ ಶೇಕಡಾ 60 ಷೇರು ಇದೆ ಅಂದುಕೊಳ್ಳಿ. ಡಿವಿಡೆಂಡ್ ಮೂಲಕ ಹಣ ತೆಗೆದರೆ ಅವರಿಗೂ ಷೇರಿಗೆ 8, ನಿಮಗೂ 8. ಅವರಿಗೆ 10, ನಿಮಗೆ 6 ಅಂತ ಮಾಡಲು ಬರುವುದಿಲ್ಲ. ದೊಡ್ಡ ಸಂಬಳ, ಬಾಡಿಗೆ, ಸ್ವಂತದವರ ಕಂಪನಿಯಿಂದ ದುಬಾರಿ ಖರೀದಿ, ಇವುಗಳ ಮೂಲಕ ಹೊರಗೆ ಹೋದ ಹಣದಲ್ಲಿ ಮಾತ್ರ ನಿಮಗೆ ಪಾಲಿಲ್ಲ. ವಾರ್ಷಿಕ ವರದಿಯಲ್ಲಿ ರಿಲೇಟೆಡ್ ಪಾರ್ಟಿ ವ್ಯವಹಾರಗಳು ಅಂತ ಒಂದು ಟಿಪ್ಪಣಿ ಇರುತ್ತದೆ. ಸಣ್ಣ ಅಕ್ಷರದಲ್ಲಿ ಇರುತ್ತದೆ, ಬೇಸರ ಮಾಡದೆ ಓದಿ. ಲಾಭ ಎಷ್ಟು ಅನ್ನುವುದಕ್ಕಿಂತ ಲಾಭ ಎಲ್ಲಿಗೆ ಹೋಯಿತು ಅಂತ ಅದು ಹೇಳುತ್ತದೆ.

ಅದೇ ವರದಿಯಲ್ಲಿ ನಗದು ಹರಿವಿನ ಪಟ್ಟಿ ಇರುತ್ತದೆ. ಅದರಲ್ಲಿ ಎರಡು ಸಾಲು ನೋಡಿ. ವ್ಯಾಪಾರದಿಂದ ನಿಜವಾಗಿ ಬಂದ ನಗದು ಎಷ್ಟು, ಕೊಟ್ಟ ಡಿವಿಡೆಂಡ್ ಎಷ್ಟು. ಮೂರು ನಾಲ್ಕು ವರ್ಷದ್ದು ಪಕ್ಕಪಕ್ಕ ಇಡಿ. ಬಂದ ನಗದಿಗಿಂತ ಡಿವಿಡೆಂಡ್ ಜಾಸ್ತಿ ಇದ್ದು ಸಾಲವೂ ಏರುತ್ತಿದ್ದರೆ ಆ ಡಿವಿಡೆಂಡ್ ಬಹಳ ದಿನ ಬರುವುದಿಲ್ಲ. ಮೊಬೈಲ್ ಆ್ಯಪಿನಲ್ಲಿ ಶೇಕಡಾ 10, 12 ಡಿವಿಡೆಂಡ್ ಪ್ರತಿಫಲ ತೋರಿಸುವ ಷೇರುಗಳಲ್ಲಿ ಸಾಮಾನ್ಯವಾಗಿ ಎರಡರಲ್ಲಿ ಒಂದು ಆಗಿರುತ್ತದೆ. ಕಂಪನಿ ಜಾಗ ಮಾರಿ ಒಂದೇ ಸಲ ಕೊಟ್ಟಿರುತ್ತದೆ, ಅಥವಾ ಷೇರಿನ ಬೆಲೆ ಅರ್ಧಕ್ಕೆ ಬಿದ್ದು ಹೋದ ವರ್ಷದ ಡಿವಿಡೆಂಡ್ ದೊಡ್ಡದಾಗಿ ಕಾಣುತ್ತಿರುತ್ತದೆ.

ಇನ್ನೊಂದು ಎಚ್ಚರಿಕೆ. ತಿಂಗಳಿಗೆ ಶೇಕಡಾ 2 ಡಿವಿಡೆಂಡ್ ಗ್ಯಾರಂಟಿ ಅಂತ ಯಾರಾದರೂ ಬಂದರೆ ಅದು ಷೇರು ಅಲ್ಲ. ಡಿವಿಡೆಂಡ್ ಲಾಭದಿಂದ ಬರುವುದು, ಲಾಭ ಆದ ಮೇಲೆ ಘೋಷಿಸುವುದು. ಸಾಮಾನ್ಯ ಷೇರಿಗೆ ಅದನ್ನು ಮುಂಚೆಯೇ ಗ್ಯಾರಂಟಿ ಮಾಡಲು ಯಾವ ಕಂಪನಿಗೂ ಆಗುವುದಿಲ್ಲ. ಆ ಒಂದು ಮಾತಿನಿಂದಲೇ ಅದು ಬೇರೆ ಏನೋ ಅಂತ ಗುರುತಿಸಬಹುದು.

ತೆರಿಗೆ ವಿಚಾರ ಬೇಗ ಹೇಳುತ್ತೇನೆ. 2020ರ ಏಪ್ರಿಲ್‌ವರೆಗೆ ಕಂಪನಿಯೇ ಡಿವಿಡೆಂಡ್ ತೆರಿಗೆ ಕಟ್ಟುತ್ತಿತ್ತು. ಈಗ ನಿಮ್ಮ ಆದಾಯಕ್ಕೆ ಸೇರಿಸಿ ನಿಮ್ಮ ಸ್ಲ್ಯಾಬಿನ ದರದಲ್ಲಿ ಕಟ್ಟಬೇಕು. ಒಂದು ಕಂಪನಿಯಿಂದ ವರ್ಷಕ್ಕೆ 10 ಸಾವಿರಕ್ಕಿಂತ ಜಾಸ್ತಿ ಬಂದರೆ ಶೇಕಡಾ 10 ಹಿಡಿದುಕೊಂಡು ಉಳಿದದ್ದನ್ನು ಕಳಿಸುತ್ತಾರೆ. ನಿಮ್ಮ 1,600ಕ್ಕೆ ಏನೂ ಹಿಡಿಯುವುದಿಲ್ಲ. 1,500 ಷೇರು ಇದ್ದು 12 ಸಾವಿರ ಬರಬೇಕಾಗಿದ್ದರೆ ಪೂರ್ತಿ 12 ಸಾವಿರದ ಮೇಲೆ 1,200 ಹಿಡಿದು 10,800 ಬರುತ್ತದೆ. ಪ್ಯಾನ್ ಕೊಟ್ಟಿಲ್ಲದಿದ್ದರೆ ಶೇಕಡಾ 20 ಹಿಡಿಯುತ್ತಾರೆ. ಹಿಡಿದದ್ದು ನಿಮ್ಮ ಪ್ಯಾನ್ ಹೆಸರಿನಲ್ಲಿ ಜಮಾ ಆಗಿರುತ್ತದೆ. ಆದಾಯ ತೆರಿಗೆ ವಿವರ ಸಲ್ಲಿಸುವಾಗ ಲೆಕ್ಕ ಹೊಂದಿಸಿಕೊಳ್ಳಬಹುದು.

ಈಗ ಕೈ ತಪ್ಪಿಹೋಗುವ ಡಿವಿಡೆಂಡಿನ ವಿಚಾರ. ನಮ್ಮ ಭಾಗದಲ್ಲಿ ಇದು ಆಗುವ ದಾರಿ ಹೀಗೆ. ನೀವು ಷೇರು ಕೊಂಡ ಕಾಲದಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರಿನ ಖಾತೆ ಕೊಟ್ಟಿದ್ದಿರಿ. ಅಥವಾ ವಿಜಯಾ ಬ್ಯಾಂಕ್, ಸಿಂಡಿಕೇಟ್ ಬ್ಯಾಂಕ್, ಕಾರ್ಪೊರೇಷನ್ ಬ್ಯಾಂಕ್. 2017ರಿಂದ 2020ರ ನಡುವೆ ಈ ನಾಲ್ಕೂ ಬೇರೆ ಬ್ಯಾಂಕುಗಳಲ್ಲಿ ವಿಲೀನವಾದವು. ಐಎಫ್‌ಎಸ್‌ಸಿ ಕೋಡ್ ಬದಲಾಯಿತು. ಪಾಸ್‌ಬುಕ್ ಬದಲಿಸಿಕೊಂಡಿರಿ. ಷೇರುಗಳು ಕಾಗದವಿಲ್ಲದೆ ಜಮಾ ಆಗಿರುವ ಡಿಮ್ಯಾಟ್ ಖಾತೆಯಲ್ಲಿ ಹಳೆಯ ಕೋಡ್ ಹಾಗೇ ಉಳಿಯಿತು. ಹಳೆಯ ಕೋಡಿಗೆ ಕಳಿಸಿದ ಡಿವಿಡೆಂಡ್ ಹಿಂದಕ್ಕೆ ಹೋಗುತ್ತದೆ. 300, 500 ರೂಪಾಯಿ ಆದ್ದರಿಂದ ಬಾರದಿದ್ದದ್ದು ನಿಮಗೆ ಗೊತ್ತೂ ಆಗುವುದಿಲ್ಲ.

ತಲುಪದ ಹಣವನ್ನು ಕಂಪನಿ ಪಾವತಿಯಾಗದ ಡಿವಿಡೆಂಡ್ ಅನ್ನುವ ಬೇರೆ ಖಾತೆಗೆ ಹಾಕುತ್ತದೆ. ಅಲ್ಲಿ 7 ವರ್ಷ ಇರುತ್ತದೆ. ಅಷ್ಟರೊಳಗೆ ಕಂಪನಿಗೆ ಅಥವಾ ಅದರ ಷೇರುದಾರರ ಲೆಕ್ಕ ಇಡುವ ಷೇರು ರಿಜಿಸ್ಟ್ರಾರ್‌ಗೆ ಒಂದು ಅರ್ಜಿ ಕೊಟ್ಟರೆ ಸಾಕು. 7 ವರ್ಷ ದಾಟಿದರೆ ಹಣ ಕೇಂದ್ರ ಸರ್ಕಾರದ ಹೂಡಿಕೆದಾರರ ಶಿಕ್ಷಣ ಮತ್ತು ರಕ್ಷಣಾ ನಿಧಿಗೆ ಹೋಗುತ್ತದೆ. ಜನ ಐಇಪಿಎಫ್ ಅನ್ನುವುದು ಇದಕ್ಕೇ. ಬಹಳ ಜನರಿಗೆ ಗೊತ್ತಿಲ್ಲದ್ದು ಏನೆಂದರೆ, ಸತತ 7 ವರ್ಷ ಡಿವಿಡೆಂಡ್ ಪಡೆಯದಿದ್ದರೆ ಷೇರುಗಳನ್ನೇ ಆ ನಿಧಿಯ ಹೆಸರಿಗೆ ವರ್ಗ ಮಾಡುತ್ತಾರೆ. ಹೋದದ್ದು ಸಣ್ಣ ಡಿವಿಡೆಂಡ್ ಅಂತ ಸುಮ್ನೆ ಇದ್ದರೆ, ಅದರ ಹಿಂದೆ ಲಕ್ಷದ ಷೇರೂ ಹೋಗುತ್ತದೆ. ನಿಮ್ಮ ಹಕ್ಕು ಸಾಯುವುದಿಲ್ಲ, ವಾಪಸ್ ಪಡೆಯಬಹುದು. ಆದರೆ ಓಡಾಟ ಜಾಸ್ತಿ.

ಆಗ ಒಬ್ಬ ತಾಯಿ ಕೇಳಿದರು: "ನಮ್ಮ ಮಾವನವರ ಹೆಸರಿನ ಷೇರು ಕಾಗದ ಬೀರುವಿನಲ್ಲಿ ಇದೆ ಸರ್. ಅವರು ತೀರಿಕೊಂಡು ಎಷ್ಟೋ ವರ್ಷ ಆಯಿತು. ಅದು ಈಗ ಏನಾಗಿರುತ್ತೆ?"

ಅಮ್ಮಾ, ಮೊದಲು ಆ ಕಾಗದದ ಮೇಲಿರುವ ಕಂಪನಿ ಹೆಸರು, ಫೋಲಿಯೊ ಸಂಖ್ಯೆ ಬರೆದುಕೊಳ್ಳಿ. ಕಂಪನಿ ಇವತ್ತಿಗೂ ಇದೆಯೋ, ಹೆಸರು ಬದಲಾಗಿದೆಯೋ, ಬೇರೆಯದರಲ್ಲಿ ಸೇರಿದೆಯೋ ನೋಡಬೇಕು. ಇದ್ದರೆ ಅದರ ವೆಬ್‌ಸೈಟಿನಲ್ಲಿ ರಿಜಿಸ್ಟ್ರಾರ್ ಯಾರು ಅಂತ ಇರುತ್ತದೆ. ಅವರಿಗೆ ಫೋಲಿಯೊ ಸಂಖ್ಯೆ ಬರೆದು, ಷೇರು ಈಗ ಯಾರ ಹೆಸರಿನಲ್ಲಿದೆ, ಎಷ್ಟು ಡಿವಿಡೆಂಡ್ ಬಾಕಿ ಇದೆ ಅಂತ ಕೇಳಿ. ಕಾಗದದ ಷೇರನ್ನು ಕಾಗದದಲ್ಲೇ ಮಾರುವುದು 2019ರ ಏಪ್ರಿಲ್‌ನಿಂದ ನಿಂತಿದೆ. ಆದರೆ ವಾರಸುದಾರರ ಹೆಸರಿಗೆ ಮಾಡಿಸಿಕೊಳ್ಳಲು ಅಡ್ಡಿ ಇಲ್ಲ. ಮರಣ ಪ್ರಮಾಣಪತ್ರ, ವಾರಸುದಾರಿಕೆಯ ದಾಖಲೆ, ನಿಮ್ಮ ಪ್ಯಾನ್, ನಿಮ್ಮ ಹೆಸರಿನ ಡಿಮ್ಯಾಟ್ ಖಾತೆ ಬೇಕಾಗುತ್ತದೆ. ಕಾಗದದ ಷೇರು ಇಟ್ಟುಕೊಂಡವರು ಬದುಕಿದ್ದರೂ ಪ್ಯಾನ್, ಬ್ಯಾಂಕ್ ವಿವರ, ಸಹಿ ರಿಜಿಸ್ಟ್ರಾರ್ ಹತ್ತಿರ ಸರಿಯಾಗಿ ಇಲ್ಲದಿದ್ದರೆ 2024ರ ಏಪ್ರಿಲ್‌ನಿಂದ ಡಿವಿಡೆಂಡ್ ತಡೆಹಿಡಿಯುತ್ತಾರೆ. ಆ ವಿವರ ಕೊಡುವ ಫಾರಂ ISR-1.

ಷೇರು ಆಗಲೇ ನಿಧಿಗೆ ಹೋಗಿದ್ದರೂ ದಾರಿ ಇದೆ. iepf.gov.in ನಲ್ಲಿ ಹೆಸರು ಹುಡುಕಬಹುದು. ಕಂಪನಿಗೆ ಮೇಲಿನ ದಾಖಲೆಗಳನ್ನು ಕೊಟ್ಟು, ಈ ಷೇರು ಇವರಿಗೆ ಸೇರಬೇಕಾದದ್ದು ಅನ್ನುವ ಪತ್ರ ಪಡೆಯಬೇಕು. ಆಮೇಲೆ IEPF-5 ಅನ್ನುವ ಅರ್ಜಿಯನ್ನು ಆನ್‌ಲೈನ್ ತುಂಬಿ, ಪ್ರತಿಯನ್ನೂ ಮೂಲ ದಾಖಲೆಗಳನ್ನೂ ಕಂಪನಿಯ ನೋಡಲ್ ಅಧಿಕಾರಿಗೆ ಕಳಿಸಬೇಕು. ಅವರು ಪರಿಶೀಲಿಸಿ ವರದಿ ಕೊಟ್ಟ ಮೇಲೆ ಷೇರು ನಿಮ್ಮ ಡಿಮ್ಯಾಟಿಗೆ, ಡಿವಿಡೆಂಡ್ ನಿಮ್ಮ ಬ್ಯಾಂಕಿಗೆ ಬರುತ್ತದೆ. ತಿಂಗಳುಗಳೇ ಹಿಡಿಯಬಹುದು. ಹೆಸರಿನ ಒಂದು ಅಕ್ಷರ ಆಧಾರ್‌ನಲ್ಲಿ ಒಂದು ಥರ, ಷೇರು ಕಾಗದದಲ್ಲಿ ಇನ್ನೊಂದು ಥರ ಇದ್ದರೆ ಅರ್ಜಿ ವಾಪಸ್ ಬರುತ್ತದೆ. ನಮ್ಮಲ್ಲಿ ಅಪ್ಪನ ಹೆಸರು, ಊರಿನ ಹೆಸರು, ಮನೆತನದ ಹೆಸರು ಹಿಂದೆ ಮುಂದೆ ಬರೆಯುವ ರೂಢಿ ಇರುವುದರಿಂದ ಇದು ತುಂಬಾ ಆಗುತ್ತದೆ. ಎರಡೂ ಹೆಸರು ಒಬ್ಬರದೇ ಅಂತ ಒಂದು ಅಫಿಡವಿಟ್ ಮೊದಲೇ ಮಾಡಿಸಿಟ್ಟುಕೊಳ್ಳಿ ಅಮ್ಮಾ. ಆ ಷೇರು ಕಾಗದವನ್ನು ಮಾತ್ರ ಯಾವ ಏಜೆಂಟರ ಕೈಗೂ ಕೊಡಬೇಡಿ. ಜೆರಾಕ್ಸ್ ಕೊಡಿ ಸಾಕು.